ಮೊಸರು, ಮಜ್ಜಿಗೆ, ಜ್ಯೂಸು, ಹಾಲು: ಕ್ರಿಯೇಟಿನ್ ಯಾವುದರಲ್ಲಿ ಬೆರೆಸಬೇಕು, ಹುಳಿ ತಾಗಿದರೆ ಕೆಡುತ್ತದೆಯೇ?

ಕ್ರಿಯೇಟಿನ್ ಪುಡಿಯನ್ನು ಮೊಸರಿಗೆ ಹಾಕಬಾರದು, ಹುಳಿ ತಾಗಿದರೆ ಅದು ಕೆಲಸಕ್ಕೆ ಬಾರದಂತಾಗುತ್ತದೆ ಎನ್ನುವ ಮಾತು ಜಿಮ್‌ಗೆ ಹೋಗುವವರ ನಡುವೆ ಓಡಾಡುತ್ತಲೇ ಇರುತ್ತದೆ. ಕಿತ್ತಳೆ ರಸದ ಬಗ್ಗೆಯೂ ಇದೇ ಮಾತು, ನಿಂಬೆಯ ಬಗ್ಗೆಯಂತೂ ಕೇಳುವುದೇ ಬೇಡ. ಈ ಮಾತಿನಲ್ಲಿ ಅರ್ಧ ನಿಜವಿದೆ. ಹುಳಿ ಕ್ರಿಯೇಟಿನ್ ಅನ್ನು ಕೆಡಿಸುವುದು ಹೌದು. ಆದರೆ ಅಷ್ಟು ಮಾಡಲು ಅದಕ್ಕೆ ದಿನಗಟ್ಟಲೆ ಸಮಯ ಬೇಕು, ನಾವು ಒಂದು ಲೋಟ ಮಜ್ಜಿಗೆ ಕುಡಿಯುವುದು ಐದು ನಿಮಿಷದಲ್ಲಿ.

ಮನೆಯಲ್ಲಿ ಕ್ರಿಯೇಟಿನ್ ವ್ಯರ್ಥವಾಗುವುದು ಬೇರೆ ಕಡೆ: ಲೋಟದ ತಳದಲ್ಲಿ. ಪುಡಿ ಪೂರ್ತಿ ಕರಗದೆ ಅಡಿಗೆ ಕೂರುತ್ತದೆ, ಕೊನೆಯ ಗುಟುಕನ್ನು ನಾವು ಸಿಂಕಿಗೆ ಚೆಲ್ಲುತ್ತೇವೆ. ಹುಳಿ ಒಂದು ಇಡೀ ದಿನದಲ್ಲಿ ಮಾಡಲಾರದಷ್ಟು ನಷ್ಟ ಆ ಒಂದು ಗುಟುಕಿನಲ್ಲಿ ಆಗಿರುತ್ತದೆ. ಹಾಗಾಗಿ ಈ ಬರಹದಲ್ಲಿ ಹುಳಿಯ ಲೆಕ್ಕವನ್ನು ಮೊದಲು ನೋಡಿ, ಉಳಿದ ಜಾಗವನ್ನೆಲ್ಲ ಕರಗಿಸುವ ಕೆಲಸಕ್ಕೆ ಕೊಟ್ಟಿದ್ದೇನೆ. ಇಲ್ಲಿ ಹೇಳುವುದೆಲ್ಲ ಸಾಮಾನ್ಯ ಕ್ರಿಯೇಟಿನ್ ಮೊನೊಹೈಡ್ರೇಟ್ ಪುಡಿಗೆ ಅನ್ವಯಿಸುತ್ತದೆ.

ಹುಳಿ ಏನು ಮಾಡುತ್ತದೆ, ಎಷ್ಟು ಹೊತ್ತಿನಲ್ಲಿ

ನೀರಿನಲ್ಲಿ ಕರಗಿದ ಕ್ರಿಯೇಟಿನ್ ಅಣು ನಿಧಾನವಾಗಿ ತನ್ನ ಎರಡು ತುದಿಗಳನ್ನು ಕೂಡಿಸಿಕೊಂಡು, ಒಂದು ನೀರಿನ ಅಣುವನ್ನು ಕಳೆದುಕೊಂಡು ಉಂಗುರದ ಆಕಾರಕ್ಕೆ ಬರುತ್ತದೆ. ಹೀಗೆ ಉಂಗುರವಾದದ್ದೇ ಕ್ರಿಯಾಟಿನಿನ್. ಸ್ನಾಯುವಿಗೆ ಇದರಿಂದ ಪ್ರಯೋಜನವಿಲ್ಲ, ಮೂತ್ರಪಿಂಡ ಇದನ್ನು ಸೋಸಿ ಹೊರಹಾಕುತ್ತದೆ. ಅಂದರೆ ‘ಕೆಡುವುದು’ ಎಂದರೆ ಇಲ್ಲಿ ವಿಷವಾಗುವುದಲ್ಲ, ನಿರುಪಯೋಗಿಯಾಗುವುದು ಅಷ್ಟೆ. ಇದೇ ಬದಲಾವಣೆ ನಮ್ಮ ಮೈಯಲ್ಲಿ ದಿನವೂ ನಡೆಯುತ್ತದೆ. 70 ಕಿಲೋ ತೂಕದ ಒಬ್ಬರ ದೇಹದಲ್ಲಿ ಸುಮಾರು 120 ಗ್ರಾಂ ಕ್ರಿಯೇಟಿನ್ ಇರುತ್ತದೆ, ಅದರಲ್ಲಿ ದಿನಕ್ಕೆ ಹತ್ತಿರಹತ್ತಿರ 2 ಗ್ರಾಂ ಹೀಗೆ ಕ್ರಿಯಾಟಿನಿನ್ ಆಗಿ ಹೋಗುತ್ತದೆ.

ಈ ಬದಲಾವಣೆಯ ವೇಗವನ್ನು ನಿರ್ಧರಿಸುವುದು ಎರಡು ಸಂಗತಿ: ದ್ರವದ ಹುಳಿ ಮತ್ತು ಬಿಸಿ. ಹುಳಿಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ, 7 ಎಂದರೆ ತಟಸ್ಥ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಹಾಲಿನದು ಸುಮಾರು 6.6. ಮೊಸರು, ಮಜ್ಜಿಗೆ 4ರಿಂದ 4.6ರ ನಡುವೆ. ಕಿತ್ತಳೆ, ಸೇಬು, ಅನಾನಸ್ ರಸಗಳು ಹೆಚ್ಚುಕಡಿಮೆ 3.3ರಿಂದ 4. ಕಲ್ಲಂಗಡಿ ರಸ ಮಾತ್ರ 5ಕ್ಕಿಂತ ಮೇಲಿರುವ ಸಾಧು ರಸ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ರಿಯೇಟಿನ್ ದ್ರಾವಣವನ್ನು ಮೂರು ದಿನ ಇಟ್ಟು ಅಳೆದಾಗ ಕಂಡದ್ದು ಇಷ್ಟು: ಪಿಎಚ್ 5.5ರಲ್ಲಿ ಶೇ. 4ರಷ್ಟು ಕೆಟ್ಟಿತ್ತು, 4.5ರಲ್ಲಿ ಶೇ. 12, 3.5ರಲ್ಲಿ ಶೇ. 21. ಹಾಲಿನಂತೆ ತಟಸ್ಥಕ್ಕೆ ಹತ್ತಿರವಿದ್ದ ದ್ರಾವಣದಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ. ಈ ಅಂಕಿಗಳನ್ನು ನೋಡಿಯೇ ಜನ ಹೆದರುವುದು. ಶೇ. 21 ಎಂದರೆ ಸಣ್ಣದಲ್ಲ ಎನ್ನಿಸುತ್ತದೆ. ಆದರೆ ಅದು ಮೂರು ದಿನದ ಲೆಕ್ಕ ಎನ್ನುವುದನ್ನು ಮರೆಯಬಾರದು. ಗಂಟೆಗೆ ಹಂಚಿ ನೋಡಿದರೆ ಕಿತ್ತಳೆ ರಸದಲ್ಲಿ ಗಂಟೆಗೆ ಸುಮಾರು ಶೇ. 0.29, ಮಜ್ಜಿಗೆಯಲ್ಲಿ ಶೇ. 0.17. ಐದು ಗ್ರಾಂ ಪುಡಿ ಹಾಕಿದ ಕಿತ್ತಳೆ ರಸವನ್ನು ಅರ್ಧ ಗಂಟೆ ಮರೆತು ಆಮೇಲೆ ಕುಡಿದಿರಿ ಎನ್ನಿ, ಹೋದದ್ದು 0.01 ಗ್ರಾಂಗಿಂತ ಕಡಿಮೆ. ಅಡುಗೆಮನೆಯ ತಕ್ಕಡಿಗೆ ಅದು ಕಾಣಿಸುವುದೇ ಇಲ್ಲ.

‘ಸರಿ, ಹೊಟ್ಟೆಯಲ್ಲೇ ಅಷ್ಟೊಂದು ಆಮ್ಲ ಇದೆಯಲ್ಲ?’ ಎನ್ನುವುದು ಮುಂದಿನ ಪ್ರಶ್ನೆ. ಇಲ್ಲಿ ಒಂದು ಸ್ವಾರಸ್ಯ ಇದೆ. ಹುಳಿ ಹೆಚ್ಚಿದಷ್ಟೂ ಕ್ರಿಯೇಟಿನ್ ಬೇಗ ಕೆಡುತ್ತಾ ಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಹಾಗಾಗುವುದಿಲ್ಲ. 1920ರ ದಶಕದಲ್ಲೇ ರಸಾಯನಶಾಸ್ತ್ರಜ್ಞರು ಇದನ್ನು ದೇಹದ ಉಷ್ಣತೆಯಲ್ಲಿ ಅಳೆದಿದ್ದರು. ಪಿಎಚ್ 3.7ರಲ್ಲಿ ಅರ್ಧದಷ್ಟು ಕ್ರಿಯೇಟಿನ್ ಕೆಡಲು ಏಳೂವರೆ ದಿನ ಬೇಕಾಯಿತು. ಅದಕ್ಕಿಂತ ಎಷ್ಟೋ ಪಟ್ಟು ಕಟುವಾದ 1.4ರಲ್ಲಿ ಬೇಕಾದದ್ದು 55 ದಿನ. ಹಣ್ಣಿನ ರಸದ ಮಟ್ಟದ ಹುಳಿಯಲ್ಲಿ ವೇಗ ಅತಿ ಹೆಚ್ಚು, ಅಲ್ಲಿಂದ ಕೆಳಗಿಳಿದರೆ ಮತ್ತೆ ನಿಧಾನ. ಅಷ್ಟು ತೀವ್ರ ಆಮ್ಲದಲ್ಲಿ ಅಣುವಿಗೆ ಹೆಚ್ಚುವರಿ ಹೈಡ್ರೋಜನ್ ಅಂಟಿಕೊಂಡು ಉಂಗುರವಾಗಿ ಮುಚ್ಚಿಕೊಳ್ಳಲು ಅಡ್ಡಿಯಾಗುತ್ತದೆ. ಊಟ ಬೆರೆತು ಹೊಟ್ಟೆಯ ಹುಳಿ ತಗ್ಗಿದರೂ, ಅಲ್ಲಿ ಪುಡಿ ಇರುವ ಕೆಲವು ಗಂಟೆಗಳಲ್ಲಿ ಆಗುವ ನಷ್ಟ ಹೆಚ್ಚೆಂದರೆ ಶೇ. 1ರ ಆಸುಪಾಸು.

ಹುಳಿಯಿಂದ ಕಾಪಾಡುತ್ತದೆ ಎಂದು ಹೇಳಿ ಕ್ಷಾರ ಬೆರೆಸಿದ ಕ್ರಿಯೇಟಿನ್ ಅನ್ನು ಮಾರುವವರೂ ಇದ್ದಾರೆ. ‘ಬಫರ್ಡ್’ ಎಂದು ಡಬ್ಬಿಯ ಮೇಲೆ ಇರುತ್ತದೆ, ಬೆಲೆ ಹೆಚ್ಚು. 2012ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅದು ಸಾಮಾನ್ಯ ಮೊನೊಹೈಡ್ರೇಟ್‌ಗಿಂತ ಸ್ನಾಯುವಿನಲ್ಲಿ ಹೆಚ್ಚು ಕ್ರಿಯೇಟಿನ್ ತುಂಬಲಿಲ್ಲ. ಇಲ್ಲದ ಸಮಸ್ಯೆಗೆ ಕೊಳ್ಳುವ ಔಷಧಿ ಅದು ಎನ್ನುವುದು ನನ್ನ ಅಭಿಪ್ರಾಯ.

ನಿಜವಾದ ತೊಡಕು: ಕರಗುವಿಕೆ

ಕ್ರಿಯೇಟಿನ್ ನೀರಿನಲ್ಲಿ ಸಕ್ಕರೆಯಂತೆ ಸಲೀಸಾಗಿ ಕರಗುವುದಿಲ್ಲ. ಒಂದು ಲೀಟರ್ ನೀರಿನಲ್ಲಿ 20 ಡಿಗ್ರಿಯಲ್ಲಿ 14 ಗ್ರಾಂ ಕರಗುತ್ತದೆ. ನೀರನ್ನು 50 ಡಿಗ್ರಿಗೆ ಬಿಸಿ ಮಾಡಿದರೆ 34 ಗ್ರಾಂ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಬರೀ 6 ಗ್ರಾಂ. ಹಾಲು, ಮಜ್ಜಿಗೆ, ರಸಗಳಲ್ಲಿ ಸಂಖ್ಯೆ ಸ್ವಲ್ಪ ಆಚೀಚೆ ಆದೀತು, ಲೆಕ್ಕದ ದಾರಿ ಬದಲಾಗುವುದಿಲ್ಲ.

ಒಂದು ಲೋಟ ಎಂದರೆ 200 ಮಿಲೀ ಎಂದಿಟ್ಟುಕೊಳ್ಳೋಣ. ಅದರಲ್ಲಿ ಕೋಣೆಯ ಉಷ್ಣತೆಯಲ್ಲಿ 2.8 ಗ್ರಾಂ ಕರಗಬಹುದು, ಫ್ರಿಜ್ಜಿನಿಂದ ತೆಗೆದ ತಣ್ಣನೆಯ ರಸವಾದರೆ 1.2 ಗ್ರಾಂ ಮಾತ್ರ. ನೀವು ಹಾಕಿದ್ದು 5 ಗ್ರಾಂ. ಉಳಿದದ್ದು ಎಷ್ಟೇ ಕಲಕಿದರೂ ಹರಳಾಗಿಯೇ ತೇಲುತ್ತಿರುತ್ತದೆ, ಕೈ ನಿಲ್ಲಿಸಿದರೆ ಕೆಳಗಿಳಿಯುತ್ತದೆ. ಪುಡಿ ಕಳಪೆ, ಕಲಬೆರಕೆ ಎಂದು ಕೆಲವರು ಅನುಮಾನಿಸುವುದು ಈ ಗಸಿಯನ್ನು ನೋಡಿಯೇ. ಶುದ್ಧ ಪುಡಿಯೂ ಹೀಗೇ ಕೂರುತ್ತದೆ.

ಕರಗದ ಹರಳನ್ನು ನುಂಗಿದರೆ ಪ್ರಯೋಜನ ಆಗದು ಎಂದೇನೂ ಅಲ್ಲ. ಹೊಟ್ಟೆ, ಕರುಳಿನಲ್ಲಿ ನೀರು ಸಾಕಷ್ಟಿದೆ, ಅಲ್ಲಿ ಅದು ಕರಗಿ ರಕ್ತಕ್ಕೆ ಸೇರುತ್ತದೆ. ಪೂರ್ತಿ ಕರಗಿಸಿ ಕುಡಿದರೆ ರಕ್ತದಲ್ಲಿ ಮಟ್ಟ ಸ್ವಲ್ಪ ಬೇಗ ಏರುತ್ತದೆ, ಹರಳಾಗಿ ನುಂಗಿದರೆ ನಿಧಾನವಾಗಿ ಏರುತ್ತದೆ. ಸ್ನಾಯುವಿನ ಸಂಗ್ರಹ ವಾರಗಟ್ಟಲೆ ತುಂಬುವಂಥದ್ದು, ಒಂದು ಗಂಟೆ ಹಿಂದೆ ಮುಂದೆ ಆದರೆ ಅದಕ್ಕೆ ಏನೂ ಅಲ್ಲ. ಹರಳು ಬಾಯಿಗೆ ಹೋಗಬೇಕು, ಅಷ್ಟೇ ಮುಖ್ಯ.

ಹುಳಿಯ ವಿಚಾರದಲ್ಲಿ ಈ ಹರಳು ಇನ್ನೊಂದು ಉಪಕಾರ ಮಾಡುತ್ತದೆ. ಕೆಡುವುದು ಕರಗಿದ ಕ್ರಿಯೇಟಿನ್ ಮಾತ್ರ. ಹರಳಾಗಿ ಉಳಿದದ್ದು ಬಹಳ ಗಟ್ಟಿಮುಟ್ಟು. ಒಣ ಪುಡಿ ಕೋಣೆಯ ಉಷ್ಣತೆಯಲ್ಲಿ ವರ್ಷಗಟ್ಟಲೆ ಕೆಡದೆ ಇರುವುದು ಇದೇ ಕಾರಣಕ್ಕೆ. ಗಟ್ಟಿ ಮೊಸರಿನಲ್ಲಿ ಬೆರೆಸಿದ ಪುಡಿಯ ಒಂದು ಪಾಲು ಹರಳಾಗಿಯೇ ಇರುವುದರಿಂದ, ಹುಳಿಗೆ ಸಿಗುವುದು ಹಾಕಿದ್ದರಲ್ಲಿ ಒಂದಷ್ಟು ಮಾತ್ರ.

ಬೆರೆಸುವ ಕ್ರಮ

ಮೊದಲು ಅಳತೆ. ದಿನಕ್ಕೆ 3ರಿಂದ 5 ಗ್ರಾಂ ಎನ್ನುವುದು ಸಾಮಾನ್ಯ ಪ್ರಮಾಣ. ಮೊದಲ ವಾರ ದಿನಕ್ಕೆ 20 ಗ್ರಾಂ ತಿಂದು ಬೇಗ ತುಂಬಿಸುವ ಪದ್ಧತಿ ಇದೆ, ಅದು ಕಡ್ಡಾಯವಲ್ಲ. ದಿನಕ್ಕೆ 3 ಗ್ರಾಂನಂತೆ ನಾಲ್ಕು ವಾರ ತೆಗೆದುಕೊಂಡರೂ ಸ್ನಾಯು ಅದೇ ಮಟ್ಟಕ್ಕೆ ಬರುತ್ತದೆ ಎಂದು 1996ರಲ್ಲೇ ತೋರಿಸಿದ್ದಾರೆ. ಚಮಚದ ಲೆಕ್ಕ ನಂಬುವಂತಿಲ್ಲ. ಪುಡಿ ನುಣ್ಣಗಿದೆಯೋ ಉರುಟಾಗಿದೆಯೋ, ಚಮಚ ಮಟ್ಟಸವೋ ಗೋಪುರವೋ ಎನ್ನುವುದರ ಮೇಲೆ ತೂಕ 3 ಗ್ರಾಂ ಇದ್ದದ್ದು 6ಕ್ಕೆ ಹೋಗುತ್ತದೆ. ಒಮ್ಮೆ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ನಿಮ್ಮದೇ ಚಮಚ, ನಿಮ್ಮದೇ ಪುಡಿಯನ್ನು ತೂಗಿ ನೋಡಿ. ಆಮೇಲೆ ಅದೇ ಚಮಚವನ್ನು ಡಬ್ಬಿಯಲ್ಲೇ ಇಟ್ಟುಬಿಡಿ. ಚಮಚ ಒಣಗಿರಲಿ, ಒದ್ದೆ ಚಮಚದಿಂದ ಪುಡಿ ಗಂಟು ಕಟ್ಟುತ್ತದೆ.

*ಹಾಲು.* ನಾಲ್ಕರಲ್ಲಿ ಅತ್ಯಂತ ಅಚ್ಚುಕಟ್ಟಾಗಿ ಆಗುವುದು ಉಗುರುಬೆಚ್ಚಗಿಗಿಂತ ತುಸು ಹೆಚ್ಚು ಬಿಸಿಯಾದ ಹಾಲಿನಲ್ಲಿ. ಹಾಲು ಕಾಯಿಸಿ ಒಲೆಯಿಂದ ಇಳಿಸಿ, ಲೋಟಕ್ಕೆ ಬಗ್ಗಿಸಿ, ಆರಾಮಾಗಿ ಕುಡಿಯುವಷ್ಟು ಆರಲು ಬಿಡಿ. ಆಗ ಅದು 50 ಡಿಗ್ರಿಯ ಸುತ್ತಮುತ್ತ ಇರುತ್ತದೆ. 200 ಮಿಲೀಯಲ್ಲಿ ಆ ಬಿಸಿಗೆ 6 ಗ್ರಾಂಗೂ ಮೀರಿ ಕರಗಬಲ್ಲದು, ಹಾಗಾಗಿ 5 ಗ್ರಾಂ ಹಾಕಿ ಒಂದೆರಡು ನಿಮಿಷ ಕಲಕಿದರೆ ಪೂರ್ತಿ ಮಾಯವಾಗುತ್ತದೆ. ಹುಳಿಯಿಲ್ಲದ್ದರಿಂದ ಕೆಡುವ ಚಿಂತೆಯೂ ಇಲ್ಲ. ಒಲೆಯ ಮೇಲೆ ಕುದಿಯುತ್ತಿರುವಾಗ ಮಾತ್ರ ಹಾಕಬೇಡಿ. ಬಿಸಿ ಹೆಚ್ಚಿದಷ್ಟೂ ಉಂಗುರವಾಗುವ ವೇಗ ಹೆಚ್ಚುತ್ತದೆ, ಅಷ್ಟು ಬಿಸಿ ಕರಗಿಸಲು ಬೇಕಾಗಿಯೂ ಇಲ್ಲ. ಇದೇ ಹಾಲನ್ನು ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಕುಡಿಯೋಣ ಎಂದರೆ ಕರಗಿದ್ದು ಮತ್ತೆ ಹರಳಾಗಿ ತಳ ಸೇರುತ್ತದೆ. ಬೆಚ್ಚಗೆ ಮಾಡಿಕೊಂಡು ಕಲಕಿದರೆ ಸರಿಹೋಗುತ್ತದೆ.

*ಮೊಸರು.* ಇಲ್ಲಿ ಕರಗಿಸುವ ಆಸೆಯನ್ನೇ ಬಿಡಬೇಕು. ಗಟ್ಟಿ ಮೊಸರಿನಲ್ಲಿ ಪುಡಿ ಭಾಗಶಃ ಕರಗುತ್ತದೆ, ಉಳಿದದ್ದು ಎಲ್ಲೆಡೆ ಹರಡಿಕೊಂಡು ಅಲ್ಲಲ್ಲೇ ನಿಂತಿರುತ್ತದೆ. ಮೊಸರಿನ ದಪ್ಪವೇ ಹರಳನ್ನು ಕೆಳಗಿಳಿಯದಂತೆ ಹಿಡಿದಿಡುತ್ತದೆ. ಆದ್ದರಿಂದ ಹುಳಿಯ ಭಯದಿಂದ ಎಲ್ಲರೂ ದೂರವಿಡುವ ಮೊಸರೇ ಹಾಕಿದ ಪುಡಿಯನ್ನೆಲ್ಲ ಬಾಯಿಗೆ ತಲುಪಿಸುವುದರಲ್ಲಿ ಜ್ಯೂಸಿಗಿಂತ ಮೇಲು. ಮಾಡುವುದು ಹೀಗೆ: 150 ಗ್ರಾಂನಷ್ಟು ಮೊಸರನ್ನು ಬಟ್ಟಲಿಗೆ ಹಾಕಿ, ಮೊದಲು ಚಮಚದಲ್ಲಿ ಕದಡಿ ನಯ ಮಾಡಿಕೊಳ್ಳಿ. ಪುಡಿಯನ್ನು ಒಂದೇ ಕಡೆ ಸುರಿಯದೆ ಮೇಲೆಲ್ಲ ಉದುರಿಸಿ, ಆಮೇಲೆ ಬಟ್ಟಲಿನ ಅಂಚಿನಿಂದ ಮಧ್ಯಕ್ಕೆ ಎಳೆಯುತ್ತ ಕಲಸಿ. ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಿದರೆ ಗಂಟುಗಳು ಒಡೆಯುತ್ತವೆ. ಮೊಸರಿನ ಮೇಲೆ ಬಿಟ್ಟುಕೊಂಡ ತಿಳಿನೀರನ್ನು ಚೆಲ್ಲಬೇಡಿ, ಕರಗಿದ ಕ್ರಿಯೇಟಿನ್ ಇರುವುದು ಅದರಲ್ಲೇ. ಕೊನೆಗೆ ಬಟ್ಟಲನ್ನು ಬಳಿದು ತಿನ್ನಿ. ನಾಲಿಗೆಗೆ ಸಣ್ಣ ಮರಳಿನಂತೆ ತಾಗುವುದು ಸಹಜ. ಅದು ಇಷ್ಟವಾಗದವರು ‘ಮೈಕ್ರೊನೈಸ್ಡ್’ ಎಂದು ಬರೆದಿರುವ ನುಣುಪು ಪುಡಿ ತಂದರೆ ಮರಳಿನ ಅನುಭವ ಬಹಳಷ್ಟು ತಗ್ಗುತ್ತದೆ. ಆ ಪುಡಿ ಬೇಗ ಹರಡುತ್ತದೆ, ಆದರೆ ಕರಗುವ ಒಟ್ಟು ಪ್ರಮಾಣ ಹೆಚ್ಚುವುದಿಲ್ಲ.

ಹೆಪ್ಪು ಹಾಕುವಾಗಲೇ ಹಾಲಿಗೆ ಕ್ರಿಯೇಟಿನ್ ಸೇರಿಸಿಬಿಟ್ಟರೆ ಹೇಗೆ ಎಂದು ಕೇಳುವವರಿದ್ದಾರೆ. ಬೇಡ. ಗಂಟೆಗಟ್ಟಲೆ ಬೆಚ್ಚಗಿನ ಜಾಗ, ಏರುತ್ತಾ ಹೋಗುವ ಹುಳಿ, ಹೆಪ್ಪಾಗುವ ಮೊದಲೇ ತಳ ಸೇರಿದ ಪುಡಿ, ಎಲ್ಲವೂ ಒಟ್ಟಿಗೆ ಬರುತ್ತವೆ. ಮೇಲಿನ ಬಟ್ಟಲಿಗೆ ಎಷ್ಟು ಬಂತು, ಅಡಿಯಲ್ಲಿ ಎಷ್ಟು ಉಳಿಯಿತು ಎಂದು ಯಾರೂ ಹೇಳಲಾರರು.

*ಮಜ್ಜಿಗೆ.* ಇದು ಮೊಸರಿಗೂ ನೀರಿಗೂ ನಡುವಿನದು. ತೆಳು ಮಜ್ಜಿಗೆಯಾದರೆ ಹರಳು ಕೂರುವುದು ನೀರಿನಷ್ಟೇ ಬೇಗ, ಜೊತೆಗೆ ಮಜ್ಜಿಗೆ ಬೆಳ್ಳಗಿರುವುದರಿಂದ ತಳದ ಗಸಿ ಕಣ್ಣಿಗೆ ಬೀಳುವುದಿಲ್ಲ. ಮೋಸ ಹೋಗುವುದು ಇಲ್ಲೇ. ಮಜ್ಜಿಗೆಗೆ ನೀರು ಬೆರೆಸುತ್ತೇವಲ್ಲ, ಆ ನೀರನ್ನೇ ಉಪಯೋಗಿಸಿಕೊಳ್ಳಿ: 150 ಮಿಲೀ ನೀರನ್ನು ಕೈ ಬೆರಳಿಗೆ ಚುರುಕ್ಕೆನ್ನುವಷ್ಟು ಬಿಸಿ ಮಾಡಿ, ಅದರಲ್ಲಿ ಪುಡಿಯನ್ನು ಪೂರ್ತಿ ಕರಗಿಸಿ. ಆ ನೀರು ಬೆಚ್ಚಗಾಗುವವರೆಗೆ ಆರಲಿ, ಆಮೇಲೆ ಕಡೆದ ಮೊಸರಿಗೆ ಬೆರೆಸಿ. ಬಿಸಿ ಬಿಸಿಯಾಗಿಯೇ ಸುರಿದರೆ ಮಜ್ಜಿಗೆ ಒಡೆದು ನೀರು ಬೇರೆ, ಗಟ್ಟಿ ಬೇರೆ ಆಗುತ್ತದೆ. ಬೆರೆಸಿದ ಮೇಲೆ ಹತ್ತು ಹದಿನೈದು ನಿಮಿಷದೊಳಗೆ ಕುಡಿದರೆ ಕರಗಿದ್ದು ಮತ್ತೆ ಹರಳಾಗಲು ಸಮಯ ಸಿಗುವುದಿಲ್ಲ. ಉಪ್ಪು, ಶುಂಠಿ, ಇಂಗು ಏನು ಹಾಕಿದರೂ ಕ್ರಿಯೇಟಿನ್‌ಗೆ ತೊಂದರೆ ಇಲ್ಲ.

*ಹಣ್ಣಿನ ರಸ.* ಫ್ರಿಜ್ಜಿನಿಂದ ತೆಗೆದ ಕೂಡಲೇ ಬೆರೆಸುವುದು ಅತಿ ಕೆಟ್ಟ ದಾರಿ, ಹುಳಿಯಿಂದಲ್ಲ, ತಂಪಿನಿಂದ. ರಸ ಸ್ವಲ್ಪ ಹೊತ್ತು ಹೊರಗಿರಲಿ. ಮುಚ್ಚಳವಿರುವ ಶೇಕರ್‌ನಲ್ಲಿ ಅರ್ಧ ನಿಮಿಷ ಜೋರಾಗಿ ಅಲ್ಲಾಡಿಸಿ, ಕುಡಿಯುವಾಗಲೂ ನಡುನಡುವೆ ಅಲ್ಲಾಡಿಸುತ್ತಿರಿ. ಖಾಲಿಯಾದ ಮೇಲೆ 30-40 ಮಿಲೀ ನೀರು ಹಾಕಿ ತೊಳೆದಂತೆ ತಿರುಗಿಸಿ, ಆ ನೀರನ್ನೂ ಕುಡಿದುಬಿಡಿ. ಈ ಒಂದು ಅಭ್ಯಾಸ ಯಾವ ದ್ರವಕ್ಕಾದರೂ ಒಳ್ಳೆಯದೇ, ಆದರೆ ರಸಕ್ಕೆ ಬೇಕೇ ಬೇಕು.

ರಸದ ಸಕ್ಕರೆಯಿಂದ ಕ್ರಿಯೇಟಿನ್ ಸ್ನಾಯುವಿಗೆ ಹೆಚ್ಚು ಸೇರುತ್ತದೆ ಎನ್ನುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದರ ಮೂಲ 1996ರ ಒಂದು ಅಧ್ಯಯನ. ಅಲ್ಲಿ ಪ್ರತಿ 5 ಗ್ರಾಂ ಕ್ರಿಯೇಟಿನ್ ಜೊತೆ ಕೊಟ್ಟದ್ದು 93 ಗ್ರಾಂ ಸಕ್ಕರೆ, ಅದೂ ದಿನಕ್ಕೆ ನಾಲ್ಕು ಸಲ, ಐದು ದಿನ. ಸ್ನಾಯುವಿನಲ್ಲಿ ಸಂಗ್ರಹ ಹೆಚ್ಚಾದದ್ದು ನಿಜ. ಒಂದು ಲೋಟ ರಸದಲ್ಲಿರುವುದು ಸುಮಾರು 20 ಗ್ರಾಂ ಸಕ್ಕರೆ. ಎರಡಕ್ಕೂ ಸಂಬಂಧವೇ ಇಲ್ಲ. ರುಚಿಗಾಗಿ ರಸ ಬೇಕಿದ್ದರೆ ಕುಡಿಯಿರಿ, ಕ್ರಿಯೇಟಿನ್‌ಗಾಗಿ ಕುಡಿಯಬೇಕಾಗಿಲ್ಲ. ಸಕ್ಕರೆ ಕಾಯಿಲೆ ಇರುವವರಂತೂ ಈ ನೆಪದಲ್ಲಿ ರಸದ ದಾರಿ ಹಿಡಿಯಲೇಬಾರದು.

ಒಂದು ಉದಾಹರಣೆ: ಬಾಟಲಿಯಲ್ಲಿ ಮಜ್ಜಿಗೆ ಒಯ್ಯುವವರು

ಬೆಳಿಗ್ಗೆ ಏಳಕ್ಕೆ 300 ಮಿಲೀ ಮಜ್ಜಿಗೆಗೆ 5 ಗ್ರಾಂ ಪುಡಿ ಬೆರೆಸಿ ಬಾಟಲಿಗೆ ತುಂಬಿಕೊಂಡು ಕೆಲಸಕ್ಕೆ ಹೋಗುವ ಒಬ್ಬರನ್ನು ನೆನೆಯೋಣ. ಸಂಜೆ ಆರಕ್ಕೆ ಜಿಮ್ ಮುಗಿಸಿ ಕುಡಿಯುತ್ತಾರೆ. ಹನ್ನೊಂದು ಗಂಟೆ ಮಜ್ಜಿಗೆಯ ಹುಳಿಯಲ್ಲಿ ನೆನೆದ ಕ್ರಿಯೇಟಿನ್‌ನ ಗತಿ ಏನು?

ಗಂಟೆಗೆ ಶೇ. 0.17ರಂತೆ ಹನ್ನೊಂದು ಗಂಟೆಗೆ ಶೇ. 2ರ ಹತ್ತಿರ. ಐದು ಗ್ರಾಂನಲ್ಲಿ ಅದು 0.1 ಗ್ರಾಂ. ಇಡೀ ದಿನ ಬಿಸಿಲಿನ ಝಳದಲ್ಲಿ ಬಾಟಲಿ ಇತ್ತು, ಮಜ್ಜಿಗೆ ಇನ್ನಷ್ಟು ಹುಳಿಯಾಯಿತು, ವೇಗ ಇಮ್ಮಡಿಯಾಯಿತು ಎಂದೇ ಹಿಡಿಯಿರಿ, ಆಗಲೂ 0.2 ಗ್ರಾಂ. ಉಳಿದ 4.8 ಗ್ರಾಂ ಹಾಗೇ ಇದೆ.

ಈಗ ತಳವನ್ನು ನೋಡೋಣ. 300 ಮಿಲೀಯಲ್ಲಿ 20 ಡಿಗ್ರಿಗೆ ಕರಗುವುದು 4.2 ಗ್ರಾಂ, ಅಡಿಯಲ್ಲಿ ಕೂತಿರುವುದು 0.8 ಗ್ರಾಂ. ಅಲ್ಲಾಡಿಸದೆ ಕುಡಿದು ಕೊನೆಯ ಗುಟುಕು ಬಿಟ್ಟರೆ ಅಷ್ಟೂ ಹೋಯಿತು. ಹುಳಿ ಹನ್ನೊಂದು ಗಂಟೆಯಲ್ಲಿ ಕಿತ್ತುಕೊಂಡದ್ದರ ಎಂಟು ಪಟ್ಟು.

ಕೆಡಬಾರದೆಂದು ಅವರು ಆ ಬಾಟಲಿಯನ್ನು ಕಚೇರಿಯ ಫ್ರಿಜ್ಜಿನಲ್ಲಿ ಇಟ್ಟರು ಎನ್ನಿ. ಹುಳಿಯ ಕೆಲಸ ಇನ್ನೂ ನಿಧಾನವಾಯಿತು, ಅದು ನಿಜ. ಆದರೆ 4 ಡಿಗ್ರಿಯಲ್ಲಿ 300 ಮಿಲೀಗೆ ಕರಗಿರಬಲ್ಲದ್ದು 1.8 ಗ್ರಾಂ, ಮಿಕ್ಕ 3.2 ಗ್ರಾಂ ಸಂಜೆಯ ಹೊತ್ತಿಗೆ ತಳದಲ್ಲಿ ಪದರವಾಗಿ ಅಂಟಿರುತ್ತದೆ. ಅದರಲ್ಲಿ ಅರ್ಧ ಬಾಟಲಿಯಲ್ಲೇ ಉಳಿದರೂ ಆ ದಿನದ ಪ್ರಮಾಣದ ಮೂರನೇ ಒಂದು ಭಾಗ ಕಳೆದ ಹಾಗೆ. ಫ್ರಿಜ್ಜಿನ ಬಾಟಲಿಯನ್ನು ಕುಡಿಯುವ ಅರ್ಧ ಗಂಟೆ ಮೊದಲು ಹೊರಗಿಟ್ಟು, ತಲೆಕೆಳಗು ಮಾಡಿ ತಳದ ಪದರ ಬಿಡುವವರೆಗೆ ಅಲ್ಲಾಡಿಸಬೇಕು. ಕೊನೆಗೆ ನೀರು ಹಾಕಿ ತೊಳೆದು ಕುಡಿಯಬೇಕು.

ಇಷ್ಟೆಲ್ಲ ರಗಳೆ ಬೇಡದವರಿಗೆ ಸುಲಭದ ದಾರಿ ಇದೆ: ಮಜ್ಜಿಗೆ ಬಾಟಲಿ ಬೇರೆ, ಪುಡಿ ಬೇರೆ. ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ 5 ಗ್ರಾಂ ತೂಗಿ ಒಣದಾಗಿ ಒಯ್ದು, ಕುಡಿಯುವಾಗ ಬೆರೆಸಿದರೆ ಹುಳಿಯ ಪ್ರಶ್ನೆಯೂ ಇಲ್ಲ, ಹನ್ನೊಂದು ಗಂಟೆ ಕೂತ ಪದರವೂ ಇಲ್ಲ.

ಇದೇ ಲೆಕ್ಕವನ್ನು ತಿಂಗಳುಗಳಿಗೆ ಎಳೆದರೆ ಚಿತ್ರ ತಿರುಗುತ್ತದೆ. ಕಿತ್ತಳೆ ರಸದ ಹುಳಿಯಲ್ಲಿ 25 ಡಿಗ್ರಿಯಲ್ಲಿ ಕರಗಿದ ಕ್ರಿಯೇಟಿನ್‌ನ ಅರ್ಧ ಒಂಬತ್ತು ದಿನದಲ್ಲಿ ಹೋಗುತ್ತದೆ. ದ್ರವರೂಪದಲ್ಲಿ ಸೀಸೆಯಲ್ಲಿ ತುಂಬಿ ಮಾರುವ ಕ್ರಿಯೇಟಿನ್ ಅನ್ನು ನಾನು ಯಾರಿಗೂ ಹೇಳದಿರುವುದು ಇದಕ್ಕೇ. ಅಂಗಡಿಯ ಕಪಾಟಿನಲ್ಲಿ ಅದು ಎಷ್ಟು ವಾರ ನಿಂತಿತ್ತೋ. ವಾರಕ್ಕಾಗುವಷ್ಟು ರಸಕ್ಕೆ ಒಮ್ಮೆಗೇ ಪುಡಿ ಬೆರೆಸಿಡುವುದೂ ಇದೇ ಸಾಲಿಗೆ ಸೇರುತ್ತದೆ. ಹುಳಿ ದ್ರವದಲ್ಲಿ ಬೆರೆಸಿದ್ದನ್ನು ಅದೇ ದಿನ ಮುಗಿಸಿ. ಫ್ರಿಜ್ಜಿನಲ್ಲಿದ್ದರೆ ಮರುದಿನಕ್ಕೆ ಹೋದರೂ ಅಡ್ಡಿಯಿಲ್ಲ, ಅದಕ್ಕಿಂತ ಆಚೆಗೆ ಬೇಡ.

ಎಡವಟ್ಟು ಆದದ್ದು ಗೊತ್ತಾಗುವುದು ಹೇಗೆ

ಲೋಟದ ತಳದಲ್ಲಿ ಬಿಳಿಯದೇನೋ ಇದೆ. ಕ್ರಿಯೇಟಿನ್ನೋ, ಒಡೆದ ಹಾಲಿನ ಚೂರೋ? ಬೆರಳಲ್ಲಿ ತೆಗೆದು ಉಜ್ಜಿ. ಮರಳಿನಂತೆ ಕರಕರ ಎಂದರೆ ಕ್ರಿಯೇಟಿನ್, ಬೆಣ್ಣೆಯಂತೆ ಹಿಸುಕಿ ಹೋದರೆ ಹಾಲಿನದು. ಇನ್ನೂ ಅನುಮಾನವಿದ್ದರೆ ಕಾಲು ಲೋಟ ಬಿಸಿನೀರು ಹಾಕಿ ಕಲಕಿ: ಕ್ರಿಯೇಟಿನ್ ಆದರೆ ಕರಗಿ ನೀರು ತಿಳಿಯಾಗುತ್ತದೆ, ಹಾಲಿನ ಚೂರು ಕರಗುವುದಿಲ್ಲ. ರಾತ್ರಿ ಫ್ರಿಜ್ಜಿನಲ್ಲಿಟ್ಟ ಬಾಟಲಿಯಲ್ಲಿ ಬೆಳಿಗ್ಗೆ ಮಿನುಗುವ ಸಣ್ಣ ಹರಳು ಕಂಡರೂ ಇದೇ ಕತೆ, ಕೆಟ್ಟದ್ದಲ್ಲ, ತಂಪಿಗೆ ಹೊರಬಂದದ್ದು.

ಕ್ರಿಯಾಟಿನಿನ್ ಆಗಿರುವುದನ್ನು ಮಾತ್ರ ಕಣ್ಣು, ಮೂಗು, ನಾಲಿಗೆ ಯಾವುದೂ ಹಿಡಿಯಲಾರದು. ದ್ರವ ತಿಳಿಯಾಗಿದೆ ಎಂದರೆ ಕರಗಿದೆ ಎಂದಷ್ಟೇ ಅರ್ಥ, ಹಾಗೇ ಇದೆ ಎಂದಲ್ಲ. ಆದ್ದರಿಂದ ಇಲ್ಲಿ ಗಡಿಯಾರವೊಂದೇ ಸಾಕ್ಷಿ: ಎಷ್ಟು ಹೊತ್ತಿಗೆ ಬೆರೆಸಿದ್ದು ಎಂದು ಬಾಟಲಿಯ ಮೇಲೆ ಬರೆದುಕೊಂಡರೆ ಸಾಕು.

ಹೊಟ್ಟೆ ಕೆಟ್ಟರೆ ಹುಳಿಯನ್ನು ದೂರುವ ಮೊದಲು ಎರಡು ಸಂಗತಿ ನೋಡಿ. ಒಂದು, ಒಮ್ಮೆಗೆ ಎಷ್ಟು ಹಾಕಿದಿರಿ. 10 ಗ್ರಾಂ ಒಟ್ಟಿಗೆ ಹೋದರೆ ಅದು ಕರುಳಿಗೆ ನೀರನ್ನು ಎಳೆದುಕೊಂಡು ಭೇದಿ ಆಗಬಹುದು, 5 ಗ್ರಾಂನಂತೆ ಎರಡು ಸಲ ಹಂಚಿದರೆ ಸಾಮಾನ್ಯವಾಗಿ ಆಗುವುದಿಲ್ಲ. ಎರಡು, ಹಾಲು ನಿಮಗೆ ಒಗ್ಗುತ್ತದೆಯೇ. ಹಾಲಿನ ಸಕ್ಕರೆ ಅರಗದವರಿಗೆ ಹೊಟ್ಟೆಯುಬ್ಬರ ಬಂದಿದ್ದರೆ ಕಾರಣ ಹಾಲೇ ಹೊರತು ಕ್ರಿಯೇಟಿನ್ ಅಲ್ಲ. ಅದನ್ನು ಪರೀಕ್ಷಿಸಲು ಒಂದು ವಾರ ಅದೇ ಪ್ರಮಾಣವನ್ನು ಬರೀ ಬೆಚ್ಚಗಿನ ನೀರಿನಲ್ಲಿ ತೆಗೆದುಕೊಂಡು ನೋಡಿ. ಆಗ ತೊಂದರೆ ನಿಂತರೆ ಮೊಸರಿಗೆ ಬದಲಾಯಿಸಬಹುದು, ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯ ಒಂದು ಪಾಲನ್ನು ಆಗಲೇ ತಿಂದಿರುತ್ತದೆ.

ಕೊನೆಯದಾಗಿ ರಕ್ತ ಪರೀಕ್ಷೆಯ ವಿಷಯ. ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ವೈದ್ಯರು ಅಳೆಯುವುದು ಇದೇ ಕ್ರಿಯಾಟಿನಿನ್ ಅನ್ನು. ಕ್ರಿಯೇಟಿನ್ ತೆಗೆದುಕೊಳ್ಳುವವರಲ್ಲಿ ಸಂಗ್ರಹ ಹೆಚ್ಚಿರುವುದರಿಂದ, ಮೂತ್ರಪಿಂಡ ಚೆನ್ನಾಗಿದ್ದರೂ ಆ ಸಂಖ್ಯೆ ಸ್ವಲ್ಪ ಮೇಲಿರಬಹುದು. ಎರಡು ದಿನ ಹಳೆಯ ಜ್ಯೂಸ್ ಕುಡಿದು ಪರೀಕ್ಷೆಗೆ ಹೋದರಂತೂ ಸಿದ್ಧ ಕ್ರಿಯಾಟಿನಿನ್ ಅನ್ನೇ ಸ್ವಲ್ಪ ನುಂಗಿ ಹೋದಂತೆ. ರಕ್ತ ಕೊಡುವ ಮೊದಲೇ ಕ್ರಿಯೇಟಿನ್ ತೆಗೆದುಕೊಳ್ಳುತ್ತಿದ್ದೇನೆ, ದಿನಕ್ಕೆ ಇಷ್ಟು ಗ್ರಾಂ ಎಂದು ವೈದ್ಯರಿಗೆ ಹೇಳಿ. ಮೂತ್ರಪಿಂಡದ ಕಾಯಿಲೆ ಈಗಾಗಲೇ ಇರುವವರು, ಅದಕ್ಕೆ ಸಂಬಂಧಿಸಿದ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಡಬ್ಬಿಯ ಮುಚ್ಚಳವನ್ನೇ ತೆರೆಯಬೇಡಿ.